‘ಕಂತು ನಿಲ್ಲಿಸಿ’ ಅಂದರೆ ಯಾವ ಕಂತು?

ಬ್ಯಾಂಕಿನಲ್ಲಿದ್ದಷ್ಟು ವರ್ಷವೂ ನನ್ನ ಮೇಜಿಗೆ ತಿಂಗಳಿಗೆ ನಾಲ್ಕಾರು ಸಲವಾದರೂ ಬರುತ್ತಿದ್ದ ಒಂದು ಅರ್ಜಿ ಇತ್ತು. ನೋಟ್‌ಪುಸ್ತಕದ ಹಾಳೆ, ಅದರಲ್ಲಿ ಒಂದೇ ಸಾಲು: ‘ನನ್ನ ಖಾತೆಯಿಂದ ಪ್ರತಿ ತಿಂಗಳು ದುಡ್ಡು ಕಟ್ ಆಗುತ್ತಿದೆ, ದಯವಿಟ್ಟು ನಿಲ್ಲಿಸಿಕೊಡಬೇಕಾಗಿ ವಿನಂತಿ.’ ಕೆಳಗೊಂದು ಸಹಿ. ಖಾತೆ ಸಂಖ್ಯೆ ಕೇಳಿದರೆ ಅರ್ಜಿದಾರರು ಪಾಸ್‌ಬುಕ್ಕಿಗಾಗಿ ಚೀಲ ತಡಕುತ್ತಿದ್ದರು. ಯಾವ ದುಡ್ಡು, ಯಾರಿಗೆ ಹೋಗುತ್ತಿದೆ ಎಂದು ಕೇಳಿದರೆ, ‘ಅದೇ ಸಾರ್, ಆ ಫೈನಾನ್ಸಿನವರಿಗೆ’ ಎನ್ನುತ್ತಿದ್ದರು. ಆ ಫೈನಾನ್ಸಿನವರ ಹೆಸರಲ್ಲಿ ಒಂದೇ ಖಾತೆಗೆ ಮೂರು ಮ್ಯಾಂಡೇಟ್ ಇದ್ದದ್ದನ್ನೂ ನೋಡಿದ್ದೇನೆ.

ನಿವೃತ್ತನಾದ ಮೇಲೂ ಈ ಕಾಗದ ನನ್ನ ಬೆನ್ನು ಬಿಟ್ಟಿಲ್ಲ. ನಮ್ಮ ಬೀದಿಯ ಪ್ರೈಮರಿ ಶಾಲೆಯ ಟೀಚರೊಬ್ಬರು ಏಪ್ರಿಲ್ ತಿಂಗಳ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದರು. ಅವರು ಒಂದೇ ಹಣಕಾಸು ಕಂಪನಿಯಿಂದ ಫ್ರಿಜ್‌ಗೆ ಒಂದು, ಸ್ಕೂಟರ್‌ಗೆ ಒಂದು, ಹೀಗೆ ಎರಡು ಸಾಲ ಮಾಡಿದ್ದರು. ಫ್ರಿಜ್ಜಿನ ಕಂತು 2,000 ರೂಪಾಯಿ, ಸ್ಕೂಟರಿನದು 3,150. ಎರಡೂ ಪ್ರತಿ ತಿಂಗಳು 5ನೇ ತಾರೀಕು ಸಂಬಳದ ಖಾತೆಯಿಂದ ತಾವಾಗಿಯೇ ಹೋಗುತ್ತಿದ್ದವು. ಮಾರ್ಚ್ 2ರಂದು ಕೈಯಲ್ಲಿ ಸ್ವಲ್ಪ ದುಡ್ಡು ಸೇರಿತೆಂದು ಫ್ರಿಜ್ಜಿನ ಸಾಲವನ್ನು ಒಂದೇ ಕಂತಿನಲ್ಲಿ ತೀರಿಸಿ ರಸೀದಿ ಪಡೆದರು. ಆದರೂ ಮಾರ್ಚ್ 5ರಂದು ಆ 2,000 ಮತ್ತೆ ಹೋಯಿತು. ಟೀಚರು ಸಿಟ್ಟಾಗಿ ಬ್ಯಾಂಕಿಗೆ ಹೋಗಿ ‘ಸದರಿ ಕಂಪನಿಯ ಕಂತನ್ನು ನಿಲ್ಲಿಸಿ’ ಎಂದು ಬರೆದುಕೊಟ್ಟರು. ಬ್ಯಾಂಕಿನವರು ನಿಲ್ಲಿಸಿದರು. ನಿಂತದ್ದು ಮಾತ್ರ ಸ್ಕೂಟರಿನ ಕಂತು.

ಏಪ್ರಿಲ್ 5ರಂದು ಕಂಪನಿ ಸ್ಕೂಟರಿನ 3,150 ಕೇಳಿದಾಗ ಬ್ಯಾಂಕು ‘ಮ್ಯಾಂಡೇಟ್ ರದ್ದಾಗಿದೆ’ ಎಂದು ವಾಪಸು ಕಳಿಸಿತು. ಕಂಪನಿ ಅದನ್ನು ಬೌನ್ಸ್ ಎಂದು ಬರೆದುಕೊಂಡು ದಂಡ ಹಾಕಿತು. ಆ ಸಂದೇಶವನ್ನೇ ಟೀಚರು ನನಗೆ ತೋರಿಸಲು ಬಂದಿದ್ದರು. ‘ನಾನು ತೀರಿಸಿದ್ದು ಫ್ರಿಜ್ಜಿನ ಸಾಲ ಅಂತ ಅವರಿಗೆ ಗೊತ್ತಿರಲಿಲ್ವಾ ಸಾರ್?’ ಎಂದು ಕೇಳಿದರು. ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದು ತಿಳಿದರೆ ಅರ್ಜಿ ಹೇಗೆ ಬರೆಯಬೇಕೆಂಬುದು ಅರ್ಧ ತಿಳಿದಂತೆ.

ಇಲ್ಲಿ ದುಡ್ಡನ್ನು ನಿಮ್ಮ ಬ್ಯಾಂಕು ತಾನಾಗಿ ಕಳಿಸುವುದಿಲ್ಲ, ಕಂಪನಿ ಎಳೆದುಕೊಳ್ಳುತ್ತದೆ. ಸಾಲ ಪಡೆಯುವಾಗ ನೀವು ಒಂದು ಅಡ್ಡ ಫಾರಮ್ಮಿಗೆ ಸಹಿ ಹಾಕಿರುತ್ತೀರಿ, ಇಲ್ಲವೇ ಆಧಾರ್ ಓಟಿಪಿ, ಡೆಬಿಟ್ ಕಾರ್ಡ್ ಅಥವಾ ನೆಟ್‌ಬ್ಯಾಂಕಿಂಗ್ ಮೂಲಕ ಒಪ್ಪಿಗೆ ಕೊಟ್ಟಿರುತ್ತೀರಿ. ಅದೇ ಮ್ಯಾಂಡೇಟ್. ಕಂತಿನ ದಿನ ಬಂದಾಗ ಕಂಪನಿ ತನ್ನ ಸಾವಿರಾರು ಸಾಲಗಾರರ ಪಟ್ಟಿಯನ್ನು ಒಂದು ಫೈಲ್ ಮಾಡಿ ತನ್ನ ಬ್ಯಾಂಕಿಗೆ ಕೊಡುತ್ತದೆ. ಆ ಬ್ಯಾಂಕು ಅದನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ನಡೆಸುವ ‘ನ್ಯಾಚ್’ ವ್ಯವಸ್ಥೆಗೆ ಹಾಕುತ್ತದೆ. ಅಲ್ಲಿಂದ ಅದು ನಿಮ್ಮ ಬ್ಯಾಂಕಿಗೆ ಬರುತ್ತದೆ. ಹಿಂದಿನ ಇಸಿಎಸ್ ಇದ್ದ ಜಾಗದಲ್ಲಿ ಈಗ ಇರುವುದು ಇದು. ನಿಮ್ಮ ಶಾಖೆಯ ಪರದೆಯಲ್ಲಿ ಕಾಣುವುದು ಮ್ಯಾಂಡೇಟ್ ಮಾತ್ರ: ಕಂಪನಿಯ ಹೆಸರು, ಮೊತ್ತ, ಅವಧಿ, ಒಂದೆರಡು ಉಲ್ಲೇಖ ಸಂಖ್ಯೆ. ಅದರ ಹಿಂದಿರುವುದು ಫ್ರಿಜ್ಜೋ ಸ್ಕೂಟರೋ, ಸಾಲ ತೀರಿತೋ ಇಲ್ಲವೋ, ಅಲ್ಲಿ ಕಾಣುವುದಿಲ್ಲ.

ಮ್ಯಾಂಡೇಟ್ ಫಾರಮ್ಮನ್ನು ಓದಿ ಸಹಿ ಹಾಕಿದವರನ್ನು ನಾನು ನೋಡಿಲ್ಲ. ನಾನೂ ಓದಿಯೇನೂ ಹಾಕಿಲ್ಲ. ಆದರೆ ಅದರಲ್ಲಿ ಎರಡು ವಿಷಯ ನೋಡುವಂಥದ್ದು. ಮೊದಲನೆಯದು, ಮೊತ್ತದ ಪಕ್ಕದಲ್ಲಿ ‘ನಿಗದಿತ’ ಮತ್ತು ‘ಗರಿಷ್ಠ’ ಎಂದು ಎರಡು ಚೌಕ ಇರುತ್ತವೆ. ಸಾಲ ಕೊಡುವವರು ಸಾಮಾನ್ಯವಾಗಿ ಗರಿಷ್ಠಕ್ಕೇ ಗುರುತು ಹಾಕಿಸುತ್ತಾರೆ. ಕಂತು 2,000 ಇದ್ದರೆ ಮ್ಯಾಂಡೇಟ್ 5,000ಕ್ಕೆ ಇರಬಹುದು, ಅವಧಿಯೂ ಸಾಲದ ಅವಧಿಗಿಂತ ಎಷ್ಟೋ ವರ್ಷ ಉದ್ದ ಇರಬಹುದು. ಅಂದರೆ ಸಾಲ ಸತ್ತರೂ ಮ್ಯಾಂಡೇಟ್ ಸಾಯುವುದಿಲ್ಲ. ಎರಡನೆಯದು, ಸಹಿಯ ಹತ್ತಿರ ಇರುವೆಯಷ್ಟು ಅಕ್ಷರದಲ್ಲಿ ಒಂದು ಘೋಷಣೆ. ಈ ಮ್ಯಾಂಡೇಟನ್ನು ರದ್ದುಮಾಡುವ ಅಥವಾ ತಿದ್ದುವ ಹಕ್ಕು ನನಗಿದೆ, ಅದಕ್ಕಾಗಿ ಕಂಪನಿಗಾಗಲಿ ನನ್ನ ಬ್ಯಾಂಕಿಗಾಗಲಿ ತಿಳಿಸಬಹುದು ಎಂಬುದು ಅದರ ಸಾರ. ‘ಕಂಪನಿಯಿಂದ ಎನ್‌ಓಸಿ ತನ್ನಿ, ಆಮೇಲೆ ನೋಡೋಣ’ ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ, ಮೆತ್ತಗೆ ಈ ಸಾಲನ್ನು ನೆನಪಿಸಬಹುದು. ಇಸಿಎಸ್ ಕಾಲದಲ್ಲೇ ರಿಸರ್ವ್ ಬ್ಯಾಂಕು ಮ್ಯಾಂಡೇಟನ್ನು ಗ್ರಾಹಕ ಕೊಟ್ಟ ಚೆಕ್ಕಿಗೆ ಸಮ ಎಂದು ಹೇಳಿತ್ತು. ಚೆಕ್ ತಡೆಹಿಡಿಯಲು ಅದನ್ನು ಪಡೆದವನ ಅಪ್ಪಣೆ ಬೇಕಿಲ್ಲವಷ್ಟೆ.

ಟೀಚರ ಕಾಗದದಲ್ಲಿ ಇಲ್ಲದ್ದು ಒಂದೇ ಒಂದು ಸಂಖ್ಯೆ. ಪ್ರತಿ ಮ್ಯಾಂಡೇಟಿಗೂ ನ್ಯಾಚ್ ವ್ಯವಸ್ಥೆ ಒಂದು ಗುರುತು ಕೊಡುತ್ತದೆ, ಬ್ಯಾಂಕಿನವರು ಅದನ್ನು ಯುಎಂಆರ್‌ಎನ್ ಎನ್ನುತ್ತಾರೆ. ಪರದೆಯ ಮೇಲೂ `UMRN` ಎಂದೇ ಇರುತ್ತದೆ. ಒಟ್ಟು 20 ಸ್ಥಾನ. ಸಾಮಾನ್ಯವಾಗಿ ಮೊದಲು ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ 16 ಅಂಕಿ. ನಡುವೆ ಸೊನ್ನೆಗಳ ಸಾಲೇ ಇರುವುದರಿಂದ ಕೈಯಲ್ಲಿ ಬರೆಯುವಾಗ ಒಂದು ಸೊನ್ನೆ ಹೆಚ್ಚುವುದು, ಒಂದು ಬಿಟ್ಟುಹೋಗುವುದು ಮಾಮೂಲು. ಬರೆದಾದ ಮೇಲೆ ಬೆರಳಿಟ್ಟು ಇಪ್ಪತ್ತು ಎಣಿಸಿ. ಪೂರ್ತಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ತೊಂದರೆಯಿಲ್ಲ. ಈ ಸಂಖ್ಯೆಯನ್ನು ಮಾತ್ರ ಇದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಇಳಿಸಬೇಕು.

ಅದು ಸಿಗುವುದೆಲ್ಲಿ? ನೆಟ್‌ಬ್ಯಾಂಕಿಂಗ್ ಇದ್ದವರಿಗೆ ಮ್ಯಾಂಡೇಟ್ ಎಂಬ ಹೆಸರಿನ ಪುಟದಲ್ಲಿ ಪಟ್ಟಿಯೇ ಸಿಗುತ್ತದೆ. ಎಷ್ಟೋ ಬ್ಯಾಂಕುಗಳಲ್ಲಿ ಅಲ್ಲೇ ರದ್ದುಮಾಡುವ ಗುಂಡಿಯೂ ಇರುತ್ತದೆ, ಆಗ ಅರ್ಜಿಯೇ ಬೇಡ. ಇಲ್ಲದಿದ್ದರೆ ಮ್ಯಾಂಡೇಟ್ ನೋಂದಣಿಯಾದಾಗ ಬಂದ ಸಂದೇಶದಲ್ಲಿ, ಸಾಲದ ಕಾಗದಗಳಲ್ಲಿ, ಕಂಪನಿಯ ಆ್ಯಪಿನಲ್ಲಿ ಹುಡುಕಿ. ಎಲ್ಲೂ ಸಿಗದಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, `ACH` ಅಥವಾ `NACH` ಎಂದಿರುವ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಈ ಡೆಬಿಟ್ಟಿನ ಯುಎಂಆರ್‌ಎನ್ ನೋಡಿಕೊಡಿ’ ಎಂದು ಕೌಂಟರಿನಲ್ಲಿ ಕೇಳಿ. ಅರ್ಜಿ ಕೊಡುವ ಮೊದಲು ಕೇಳಬೇಕು, ಕೊಟ್ಟ ಮೇಲಲ್ಲ.

ಟೀಚರ ವಿಷಯದಲ್ಲಿ ನಾವು ಮೊದಲು ಮಾಡಿದ್ದು ಅದನ್ನೇ. ಮರುದಿನ ಶಾಖೆಗೆ ಹೋಗಿ ಪಟ್ಟಿ ನೋಡಿದೆವು. ಎರಡು ಮ್ಯಾಂಡೇಟ್ ಇದ್ದವು, ಕಂಪನಿ ಒಂದೇ, ಗರಿಷ್ಠ ಮೊತ್ತ ಎರಡಕ್ಕೂ 5,000. ಗುಮಾಸ್ತರು ತಮ್ಮ ಕಣ್ಣಿಗೆ ಮೊದಲು ಬಿದ್ದದ್ದನ್ನು ರದ್ದುಮಾಡಿದ್ದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವರ ಜಾಗದಲ್ಲಿ ನಾನೂ ಕೂತಿದ್ದವನು. ಎರಡನ್ನೂ ಬೇರೆ ಮಾಡಿ ತೋರಿಸಿದ್ದು ‘ಉಲ್ಲೇಖ 1’ ಎಂಬ ಅಂಕಣ. ಕಂಪನಿಗಳು ಅಲ್ಲಿ ಸಾಮಾನ್ಯವಾಗಿ ತಮ್ಮ ಸಾಲದ ಒಪ್ಪಂದ ಸಂಖ್ಯೆ ಬರೆಯುತ್ತವೆ. ವಿಮೆಯಾದರೆ ಪಾಲಿಸಿ ಸಂಖ್ಯೆ, ಮ್ಯೂಚುವಲ್ ಫಂಡಿನದಾದರೆ ಫೋಲಿಯೊ ಸಂಖ್ಯೆ. ಫ್ರಿಜ್ ಸಾಲದ ರಸೀದಿಯಲ್ಲಿದ್ದ ಒಪ್ಪಂದ ಸಂಖ್ಯೆ ಉಳಿದುಕೊಂಡಿದ್ದ ಮ್ಯಾಂಡೇಟಿನ ಉಲ್ಲೇಖ 1ಕ್ಕೆ ಸರಿಯಾಗಿ ಹೊಂದಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಂಪನಿಗಳು ಪ್ರತಿ ಸಾಲಕ್ಕೂ ಬೇರೆ ಮ್ಯಾಂಡೇಟ್ ಮಾಡಿಸುವುದಿಲ್ಲ. ದೊಡ್ಡ ಗರಿಷ್ಠ ಮೊತ್ತಕ್ಕೆ, ‘ಕೇಳಿದಾಗಲೆಲ್ಲ’ ಎಂಬ ಆವರ್ತನಕ್ಕೆ ಒಂದೇ ಮ್ಯಾಂಡೇಟ್ ಮಾಡಿಸಿ, ಆಮೇಲೆ ಕೊಟ್ಟ ಸಾಲಗಳ ಕಂತನ್ನೂ ಅದರಲ್ಲೇ ಎಳೆಯುತ್ತವೆ. ಅದು ಗೊತ್ತಾಗುವ ಬಗೆ ಸುಲಭ: ಎರಡು ಡೆಬಿಟ್ಟಿಗೂ ಯುಎಂಆರ್‌ಎನ್ ಒಂದೇ ಇರುತ್ತದೆ. ಹಾಗಿದ್ದರೆ ಒಂದು ಸಾಲ ತೀರಿತೆಂದು ಮ್ಯಾಂಡೇಟ್ ರದ್ದುಮಾಡಿಸಬಾರದು. ಬದುಕಿರುವ ಸಾಲದ ಕಂತೂ ಅದರ ಜೊತೆಗೇ ನಿಂತುಹೋಗುತ್ತದೆ. ಮೊದಲು ಉಳಿದ ಸಾಲಕ್ಕೆ ಕಂಪನಿಯಲ್ಲಿ ಹೊಸ ಮ್ಯಾಂಡೇಟ್ ಮಾಡಿಸಿ, ಅದು ನೋಂದಣಿಯಾದ ಸಂದೇಶ ಬಂದ ಮೇಲೆ ಹಳೆಯದಕ್ಕೆ ಕೈ ಹಾಕಬೇಕು.

ಟೀಚರದು ಹಾಗಿರಲಿಲ್ಲ, ಎರಡೂ ಬೇರೆ ಬೇರೆ. ಆದ್ದರಿಂದ ಹೊಸ ಅರ್ಜಿ ಬರೆಯಲು ಕೂತೆವು. ಅರ್ಜಿಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ನಾನು ಗುಮಾಸ್ತರ ಕೈ ಓಡುವ ದಾರಿಯಲ್ಲೇ ಇಡುತ್ತೇನೆ. ಅವರು ಮೊದಲು ಖಾತೆ ಸಂಖ್ಯೆ ಒತ್ತುತ್ತಾರೆ, ಹೆಸರು ಮತ್ತು ಸಹಿ ಕಾಣಿಸುತ್ತದೆ. ಆಮೇಲೆ ಮ್ಯಾಂಡೇಟ್ ಪಟ್ಟಿ ತೆಗೆಯುತ್ತಾರೆ, ಅಲ್ಲಿ ಯುಎಂಆರ್‌ಎನ್ ಬೇಕು. ಸರಿಯಾದದ್ದನ್ನೇ ಮುಟ್ಟಿದ್ದೇನೆಯೇ ಎಂದು ನೋಡಲು ಕಂಪನಿಯ ಹೆಸರು, ಉಲ್ಲೇಖ ಸಂಖ್ಯೆ, ಮೊತ್ತ, ದಿನ. ಏನು ಮಾಡಬೇಕು ಎಂಬುದು ಅದಾದ ಮೇಲೆ. ಯಾಕೆ ಎಂಬುದು ಕಡೆಗೆ, ಒಂದೇ ಸಾಲು ಸಾಕು. ನಮ್ಮವರು ಬರೆಯುವುದು ಇದಕ್ಕೆ ತಿರುಗುಮುರುಗು; ಯಾಕೆ ಎಂಬುದೇ ಮುಕ್ಕಾಲು ಪುಟ ತುಂಬಿ, ಸಂಖ್ಯೆಗಳು ಅಂಚಿನಲ್ಲಿ ನುಸುಳಿರುತ್ತವೆ. ನಾವು ಬರೆದದ್ದು ಹೀಗಿತ್ತು, ಸಂಖ್ಯೆಗಳನ್ನು ಮಾತ್ರ ಇಲ್ಲಿ ಬದಲಿಸಿದ್ದೇನೆ:

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕು ಮತ್ತು ಶಾಖೆಯ ಹೆಸರು)

ದಿನಾಂಕ: 8 ಏಪ್ರಿಲ್

ವಿಷಯ: ಒಂದು ನ್ಯಾಚ್ ಮ್ಯಾಂಡೇಟನ್ನು ಕಾಯಂ ಆಗಿ ರದ್ದುಪಡಿಸುವ ಬಗ್ಗೆ.

ಮಾನ್ಯರೆ,

ನನ್ನ ಉಳಿತಾಯ ಖಾತೆ ಸಂಖ್ಯೆ (ಪೂರ್ತಿ ಸಂಖ್ಯೆ), ಖಾತೆದಾರರ ಹೆಸರು (ಪಾಸ್‌ಬುಕ್ಕಿನಲ್ಲಿರುವಂತೆ).

ರದ್ದುಪಡಿಸಬೇಕಾದ ಮ್ಯಾಂಡೇಟ್:
ಯುಎಂಆರ್‌ಎನ್: `ABCD0000000001274417`
ಕಂಪನಿ: (ಪಾಸ್‌ಬುಕ್ಕಿನಲ್ಲಿ ಅಚ್ಚಾದಂತೆ)
ಉಲ್ಲೇಖ 1, ಸಾಲದ ಒಪ್ಪಂದ ಸಂಖ್ಯೆ: (ರಸೀದಿಯಲ್ಲಿರುವಂತೆ)
ಈವರೆಗೆ ಹೋಗುತ್ತಿದ್ದ ಕಂತು: ರೂ. 2,000, ಪ್ರತಿ ತಿಂಗಳ 5ರಂದು
ಕೊನೆಯ ಡೆಬಿಟ್: 5 ಮಾರ್ಚ್

ಮೇಲಿನ ಮ್ಯಾಂಡೇಟನ್ನು ಪೂರ್ತಿಯಾಗಿ ರದ್ದುಪಡಿಸಿ, ಮುಂದೆ ಇದರಡಿ ಬರುವ ಯಾವ ಬೇಡಿಕೆಗೂ ಹಣ ಕೊಡಬಾರದೆಂದು ಕೋರುತ್ತೇನೆ. ಇದೇ ಕಂಪನಿಗೆ ಸಂಬಂಧಿಸಿದ ಬೇರೆ ಯಾವ ಮ್ಯಾಂಡೇಟಿಗೂ ಈ ಅರ್ಜಿ ಅನ್ವಯಿಸುವುದಿಲ್ಲ.

ಸದರಿ ಸಾಲ ಮಾರ್ಚ್ 2ರಂದು ತೀರಿದೆ, ರಸೀದಿಯ ಪ್ರತಿ ಲಗತ್ತಿಸಿದೆ. ರದ್ದಾದ ದಿನಾಂಕವನ್ನು ನನ್ನ ನೋಂದಾಯಿತ ಮೊಬೈಲಿಗೆ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಖಾತೆಯಲ್ಲಿರುವಂತೆ ಸಹಿ, ಮೊಬೈಲ್ ಸಂಖ್ಯೆ)

ಇದರಲ್ಲಿ ನಾನು ಒತ್ತಾಯಿಸಿ ಸೇರಿಸಿದ ಮಾತು ಎರಡು. ‘ಕಾಯಂ ಆಗಿ’ ಎಂಬುದು ಒಂದು. ಒಂದು ಕಂತನ್ನು ತಡೆಯುವುದು ಬೇರೆ, ಮ್ಯಾಂಡೇಟನ್ನೇ ರದ್ದುಮಾಡುವುದು ಬೇರೆ. ಬರೀ ‘ನಿಲ್ಲಿಸಿ’ ಎಂದರೆ ಶಾಖೆಯವರು ಮುಂದಿನ ಕಂತಿಗೆ ಮಾತ್ರ ತಡೆ ಹಾಕಿ, ಅದರ ಮರುತಿಂಗಳು ದುಡ್ಡು ಮತ್ತೆ ಹೋಗಿದ್ದುಂಟು. ಇನ್ನೊಂದು, ‘ಬೇರೆ ಯಾವ ಮ್ಯಾಂಡೇಟಿಗೂ ಅನ್ವಯಿಸುವುದಿಲ್ಲ’ ಎಂಬ ಸಾಲು. ಒಂದೇ ಕಂಪನಿಯಲ್ಲಿ ಎರಡು ವ್ಯವಹಾರ ಇಟ್ಟುಕೊಂಡವರು ಇದನ್ನು ಮರೆಯಬಾರದು. ಜಂಟಿ ಖಾತೆಯಲ್ಲಿ ಇಬ್ಬರೂ ಸೇರಿಯೇ ವ್ಯವಹರಿಸಬೇಕೆಂಬ ನಿಯಮವಿದ್ದರೆ ಸಹಿಯೂ ಇಬ್ಬರದು ಬೇಕು.

ಈ ಕಾಗದದ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ದಿನಾಂಕ, ಕಿರುಸಹಿ ಹಾಕಿಸಿಕೊಂಡು ಬನ್ನಿ. ‘ಸಿಸ್ಟಮ್ಮಿನಲ್ಲಿ ಹಾಕ್ತೀವಿ ಬಿಡಿ’ ಎಂದರೆ ಆ ಸೇವಾ ಕೋರಿಕೆಯ ಸಂಖ್ಯೆಯನ್ನಾದರೂ ಪ್ರತಿಯ ಮೇಲೆ ಬರೆಸಿಕೊಳ್ಳಿ. ಮುಂದೆ ದುಡ್ಡು ಹೋದರೆ ಕೇಳಲು ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ. ಲಿಖಿತ ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರಬಹುದು. ಅಲ್ಲೂ ಮೊದಲು ಕೇಳುವುದು ಬ್ಯಾಂಕಿಗೆ ಯಾವಾಗ ಬರೆದಿರಿ ಎಂಬುದನ್ನೇ.

ಇನ್ನು ಮಾರ್ಚ್ 5ರಂದು ಹೋದ ಆ 2,000. ಸಾಲ 2ರಂದೇ ತೀರಿದ್ದರೂ ಹೋದದ್ದೇಕೆ? ಕಂತಿನ ಫೈಲು ಕಂಪನಿಯಿಂದ ಕೆಲವು ದಿನ ಮುಂಚೆಯೇ ಸಿದ್ಧವಾಗಿ ಹೊರಟಿರುತ್ತದೆ. 5ರ ಫೈಲು ಹೊರಡುವ ಹೊತ್ತಿಗೆ ಟೀಚರ ಸಾಲ ಪುಸ್ತಕದಲ್ಲಿ ಇನ್ನೂ ಬದುಕಿತ್ತು. ಮುಂಚೆ ಭಾನುವಾರ, ಹಬ್ಬದ ರಜೆಗಳಲ್ಲಿ ಸ್ವಲ್ಪ ಪುರುಸೊತ್ತು ಸಿಗುತ್ತಿತ್ತು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ, 5ನೇ ತಾರೀಕು ಭಾನುವಾರ ಬಿದ್ದರೂ ಕಂತು ಅಂದೇ ಹೋಗಬಹುದು, ಆದರೆ ನಿಮ್ಮ ಅರ್ಜಿ ತೆಗೆದುಕೊಳ್ಳಲು ಶಾಖೆ ಮಾತ್ರ ತೆರೆದಿರುವುದಿಲ್ಲ. ಹೀಗಾಗಿ ಕಂತಿನ ದಿನಕ್ಕೆ ಎಂಟು ಹತ್ತು ದಿನ ಮೊದಲೇ ಅರ್ಜಿ ಕೊಡಿ ಎಂದು ನಾನು ಹೇಳುವುದು. ಕಂತು ಹೋದ ಮರುದಿನ ಕೊಟ್ಟರಂತೂ ಇಡೀ ತಿಂಗಳು ಕೈಯಲ್ಲಿರುತ್ತದೆ. ಹೆಚ್ಚುವರಿಯಾಗಿ ಹೋದ ದುಡ್ಡನ್ನು ಬ್ಯಾಂಕಿನಿಂದ ಕೇಳಿ ಪ್ರಯೋಜನವಿಲ್ಲ. ಬ್ಯಾಂಕು ಆ ದಿನ ಬದುಕಿದ್ದ ಮ್ಯಾಂಡೇಟಿಗೆ ದುಡ್ಡು ಕೊಟ್ಟಿದೆ, ತಪ್ಪು ಮಾಡಿಲ್ಲ. ಅದನ್ನು ಕಂಪನಿಯಿಂದ ಪಡೆಯಬೇಕು. ಬ್ಯಾಂಕಿಗೆ ಕೊಟ್ಟ ಕಾಗದದ್ದೇ ಒಂದು ಪ್ರತಿಯನ್ನು ಕಂಪನಿಗೂ ಇಮೇಲ್ ಮಾಡಿ, ಮರುಪಾವತಿಯನ್ನೂ ಅದರಲ್ಲೇ ಕೇಳಿದೆವು.

ಅರ್ಜಿಯ ತಲೆನೋವೇ ಬೇಡವೆಂದು ಖಾತೆಯನ್ನೇ ಖಾಲಿ ಇಡುವವರಿದ್ದಾರೆ. ‘ದುಡ್ಡಿದ್ರೆ ತಾನೇ ಎಳೆಯೋದು’ ಎಂಬ ಲೆಕ್ಕ. ಎಳೆದಾಗಲೆಲ್ಲ ಬೌನ್ಸ್ ಆಗುತ್ತದೆ, ಪ್ರತಿ ಬೌನ್ಸಿಗೂ ಬ್ಯಾಂಕು ತನ್ನ ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಬರೆದಿಟ್ಟುಕೊಂಡು, ಮುಂದೆ ಸಂಬಳ ಬಿದ್ದ ದಿನ ಕಳೆದುಕೊಳ್ಳುತ್ತದೆ. ಸಾಲ ನಿಜವಾಗಿ ಬಾಕಿ ಇದ್ದರೆ ಇದು ಶುಲ್ಕಕ್ಕೆ ಮುಗಿಯುವುದೂ ಇಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನ ಪ್ರಕಾರ, ಹಣ ಸಾಲದೆ ಇಂಥ ವರ್ಗಾವಣೆ ವಾಪಸಾದರೆ ಅದು ಚೆಕ್ ಬೌನ್ಸಿನಂತೆಯೇ ಅಪರಾಧ. ನೋಟಿಸು ಬಂದ ಮೇಲೂ ಕಟ್ಟದಿದ್ದರೆ ಎರಡು ವರ್ಷದವರೆಗೆ ಜೈಲು, ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮ್ಯಾಂಡೇಟ್ ರದ್ದಾದರೂ ಸಾಲ ರದ್ದಾಗುವುದಿಲ್ಲ. ಕಂತನ್ನು ಬೇರೆ ದಾರಿಯಲ್ಲಿ ಕಟ್ಟುತ್ತಿರಲೇಬೇಕು.

ಎಲ್ಲ ಡೆಬಿಟ್ಟಿಗೂ ಯುಎಂಆರ್‌ಎನ್ ಇರುತ್ತದೆಂದು ಹುಡುಕಿ ದಣಿಯಬೇಡಿ. ನಿಮ್ಮದೇ ಬ್ಯಾಂಕಿನಲ್ಲಿ ಉಳಿತಾಯ ಖಾತೆಯಿಂದ ಆರ್‌ಡಿಗೆ ಹೋಗುವುದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಅದು ಎನ್‌ಪಿಸಿಐ ಮುಟ್ಟುವುದೇ ಇಲ್ಲ; ಹೋಗುವ ಖಾತೆ, ಸೇರುವ ಖಾತೆ, ಮೊತ್ತ, ದಿನ ಬರೆದರೆ ಸಾಕು. ಯುಪಿಐ ಆಟೋಪೇ ಆದರೆ ಅದನ್ನು ಮಾಡಿದ ಆ್ಯಪಿನಲ್ಲೇ ರದ್ದುಮಾಡಬಹುದು, ಶಾಖೆಗೆ ಹೋಗುವುದೇ ದಂಡ. ನಮ್ಮ ಹಳ್ಳಿಗಳ ಪಾಸ್‌ಬುಕ್ಕಿನಲ್ಲಿ ಮೇ ಕೊನೆಗೆ ಕಾಣುವ 20 ರೂಪಾಯಿ ಮತ್ತು 436 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಜೀವನ್ ಜ್ಯೋತಿ ಬಿಮಾ ಯೋಜನೆಗಳ ಕಂತು. ಇವು ಒಬ್ಬರಿಗೆ ಒಂದು ಖಾತೆಯಿಂದ ಮಾತ್ರ. ಎರಡು ಬ್ಯಾಂಕಿನಲ್ಲಿ ಖಾತೆಯಿರುವ ನಮ್ಮ ಅತ್ತೆಗೆ ಎರಡು ಕಡೆಯೂ ಹೋಗುತ್ತಿತ್ತು. ಒಂದು ಬ್ಯಾಂಕಿಗೆ ಯೋಜನೆಯ ಹೆಸರನ್ನೂ ಖಾತೆ ಸಂಖ್ಯೆಯನ್ನೂ ಬರೆದು, ಮೇ ಬರುವ ಮುಂಚೆಯೇ ಕೊಟ್ಟು ನಿಲ್ಲಿಸಿದೆವು. ಎರಡನ್ನೂ ನಿಲ್ಲಿಸಿಬಿಟ್ಟರೆ ವಿಮೆಯೇ ಹೋಗುತ್ತದೆ ಎಂದು ಅತ್ತೆಗೆ ಮೂರು ಸಲ ಹೇಳಬೇಕಾಯಿತು.

ಟೀಚರ ಸ್ಕೂಟರಿನ ಕಂತಿಗೆ ಬರೋಣ. ರದ್ದಾದ ಮ್ಯಾಂಡೇಟನ್ನು ಮತ್ತೆ ಬದುಕಿಸಲು ಬರುವುದಿಲ್ಲ, ಹೊಸದನ್ನೇ ಮಾಡಬೇಕು. ಅಷ್ಟು ಕಾಲ ಕಾಯುವಂತಿರಲಿಲ್ಲ. 2025ರ ಜನವರಿಯಿಂದ ಸಾಲ ಕೊಡುವವರು ಕ್ರೆಡಿಟ್ ಸಂಸ್ಥೆಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಕೊಡಬೇಕು. ತಡವಾದ ಕಂತು ಬೇಗನೆ ಸ್ಕೋರಿನಲ್ಲಿ ಕಾಣುತ್ತದೆ. ಶಾಖೆಗೆ ಹೋದ ದಿನವೇ ಕಂಪನಿಯ ಆ್ಯಪಿನಲ್ಲಿ 3,150 ಕಟ್ಟಿದೆವು, ಬೌನ್ಸಿನ ದಂಡವನ್ನು ಬೇರೆಯಾಗಿ ವಾದಿಸೋಣವೆಂದು ಬಿಟ್ಟೆವು. ಹೊಸ ಮ್ಯಾಂಡೇಟ್ ಮಾಡುವಾಗ ಕಂಪನಿಯ ಹುಡುಗ ಗರಿಷ್ಠ ಮೊತ್ತದಲ್ಲಿ ತಾನಾಗಿಯೇ 10,000 ತುಂಬಿದ. ಟೀಚರು ಕನ್ನಡಕ ಏರಿಸಿ, ‘ಯಾಕಪ್ಪ, ನನ್ನ ಕಂತು 3,150 ಅಲ್ವಾ?’ ಎಂದು ಕೇಳಿ, 3,500 ಹಾಕಿಸಿದರು.

ಏಪ್ರಿಲ್ 19ಕ್ಕೆ ಫ್ರಿಜ್ಜಿನ ಮ್ಯಾಂಡೇಟ್ ರದ್ದಾಯಿತೆಂದು ಬ್ಯಾಂಕಿನಿಂದ ಸಂದೇಶ ಬಂತು. ಮೇ 6ರಂದು ಟೀಚರು ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು ತೋರಿಸಿದರು. ಕಂಪನಿಯ ಹೆಸರಿನಲ್ಲಿ ಎರಡು ಸಾಲಿದ್ದವು: ಒಂದರಲ್ಲಿ 3,150 ಹೋಗಿತ್ತು, ಇನ್ನೊಂದರಲ್ಲಿ 2,000 ವಾಪಸು ಬಂದಿತ್ತು. ಬೌನ್ಸಿನ ದಂಡದ ಬಗ್ಗೆ ಕಂಪನಿ ಇನ್ನೂ ಉತ್ತರ ಕೊಟ್ಟಿಲ್ಲ.